ದುಡ್ಡು ದುಪ್ಪಟ್ಟಾಗಲು ಎಷ್ಟು ಕಾಲ?

72ನ್ನು ಬಡ್ಡಿದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣ ದುಪ್ಪಟ್ಟಾಗುವ ಕಾಲ ಸುಮಾರಾಗಿ ಸಿಗುತ್ತದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರಕ್ಕೆ ಶೇ. 7.5 ಬಡ್ಡಿ ಇದ್ದಾಗ ಬರುವ ಉತ್ತರ 9.6 ವರ್ಷ, ಅಂದರೆ 115 ತಿಂಗಳು. ಆ ದರಕ್ಕೆ ಅಂಚೆ ಇಲಾಖೆ ಹೇಳಿದ ಅವಧಿಯೂ ಅಷ್ಟೇ.

ಇದೇ ಲೆಕ್ಕವನ್ನು ಕೈಸಾಲಕ್ಕೆ ಹಾಕಿ ನೋಡಿ. ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು. ದರ ತಿಂಗಳಿನದಾದ್ದರಿಂದ ಉತ್ತರವೂ ತಿಂಗಳಲ್ಲೇ: 24. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತ ಹೋದರೆ 50,000 ರೂಪಾಯಿ ಸಾಲ ಎರಡು ವರ್ಷಕ್ಕೆ ಒಂದು ಲಕ್ಷ, ನಾಲ್ಕು ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ. ಸರಳಬಡ್ಡಿಯಾದರೆ 72ರ ಬದಲು 100ನ್ನು ಭಾಗಿಸಬೇಕು. ಆಗ ದುಪ್ಪಟ್ಟಾಗಲು 33 ತಿಂಗಳು ಬೇಕು.

ಸಾಲ ಪಡೆಯುವ ಮುನ್ನ ಎರಡು ಮಾತು ಕೇಳಿ: ದರ ತಿಂಗಳಿಗೋ ವರ್ಷಕ್ಕೋ? ಬಡ್ಡಿ ಅಸಲಿಗೆ ಸೇರುತ್ತದೆಯೋ ಇಲ್ಲವೋ?