ತಿಂಗಳ ಮೇಲ್: ಬಿಲ್ ಲೆಕ್ಕ ಬೇರೆ, ಬ್ಯಾಂಕ್ ಲೆಕ್ಕ ಬೇರೆ

ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ಗಳ ಸ್ಟಾರ್ಟಪ್ ಕಚೇರಿಗಳಲ್ಲಿ ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಬರೆಯಬೇಕಾದ ಮೇಲ್ ಒಂದಿದೆ. ಹಣ ಹಾಕಿದವರಿಗೆ ಕಳೆದ ತಿಂಗಳ ವರದಿ ಅದು: ಅಂಕಿಗಳು, ಗೆಲುವು, ತೊಡಕು, ಕೊನೆಗೆ ಏನು ಸಹಾಯ ಬೇಕು ಎಂಬ ಕೋರಿಕೆ. ಷೇರುದಾರರ ಒಪ್ಪಂದದ ಪ್ರಕಾರ ಕೊಡಬೇಕಾದ ಎಂಐಎಸ್ ಲೆಕ್ಕಪಟ್ಟಿ ಬೇರೆಯೇ ಹೋಗುತ್ತದೆ. ಈ ಮೇಲ್‌ಗೆ ಒಂದು ಪುಟ ಸಾಕು.

ಗೆಲುವನ್ನು ಬರೆಯಲು ಯಾರಿಗೂ ಕಷ್ಟವಿಲ್ಲ. ಎಡವುವುದು ಅಂಕಿಗಳಲ್ಲಿ, ಅದರಲ್ಲೂ ಕೈಯಲ್ಲಿರುವ ಹಣ ಇನ್ನೆಷ್ಟು ತಿಂಗಳು ಬರುತ್ತದೆ ಎಂಬ ಒಂದು ಸಾಲಿನಲ್ಲಿ. ಸ್ಟಾರ್ಟಪ್‌ನವರು ಇದಕ್ಕೆ 'ರನ್‌ವೇ' ಎನ್ನುತ್ತಾರೆ.

ಆಸ್ಪತ್ರೆಗಳಿಗೆ ಔಷಧಿ ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಕಳೆದ ತಿಂಗಳು ಅದು 18 ಲಕ್ಷ ರೂಪಾಯಿಗೆ ಬಿಲ್ ಮಾಡಿದೆ. ಸಂಬಳ, ಬಾಡಿಗೆ, ಸರ್ವರ್ ಎಲ್ಲ ಸೇರಿ ಖರ್ಚು 23 ಲಕ್ಷ. ಬ್ಯಾಂಕಿನಲ್ಲಿರುವುದು 96 ಲಕ್ಷ. ತಿಂಗಳಿಗೆ 5 ಲಕ್ಷ ಕೊರತೆ ಎಂದು ಹಿಡಿದರೆ ಹಣ 19 ತಿಂಗಳು ಬರುತ್ತದೆ. ಓದಿದವರಿಗೆ ಗಾಬರಿಪಡುವಂಥದ್ದೇನೂ ಕಾಣದು.

ಆದರೆ ಆ 18 ಲಕ್ಷದಲ್ಲಿ ಖಾತೆಗೆ ಬಂದಿದ್ದು 11 ಲಕ್ಷ ಮಾತ್ರ. ಹಾಗಾದರೆ ನಿಜವಾದ ಕೊರತೆ 12 ಲಕ್ಷ. ವಸೂಲಿ ಹೀಗೇ ಮುಂದುವರಿದರೆ ಹಣ ಬರುವುದು 8 ತಿಂಗಳು. ಜಿಎಸ್‌ಟಿ ಸೇರಿಸಿದರೆ ಕೈ ಇನ್ನಷ್ಟು ಬಿಗಿಯಾಗುತ್ತದೆ. ಬಿಲ್ ಮೊತ್ತದ ಮೇಲೆ ಶೇ 18ರಂತೆ 3.24 ಲಕ್ಷ ತೆರಿಗೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದು ಉಳಿದದ್ದನ್ನು, ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕಂಪನಿ ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಆಸ್ಪತ್ರೆ ದುಡ್ಡು ಕೊಟ್ಟಿರಲಿ, ಬಿಡಲಿ.

19 ತಿಂಗಳಿದೆ ಎಂದುಕೊಂಡವರು ಹೊಸ ಹೂಡಿಕೆಯ ಮಾತನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. 8 ತಿಂಗಳೇ ಇರುವುದೆಂದು ಗೊತ್ತಿದ್ದವರು ಈ ವಾರವೇ ಓಡಾಟ ಶುರು ಮಾಡುತ್ತಾರೆ, ಏಕೆಂದರೆ ಮೊದಲ ಭೇಟಿಯಿಂದ ಹಣ ಖಾತೆಗೆ ಬೀಳುವವರೆಗೆ ತಿಂಗಳುಗಳೇ ಹಿಡಿಯುತ್ತವೆ. ಅಮೆರಿಕದ ವೈ ಕಾಂಬಿನೇಟರ್ ಸ್ಥಾಪಕರಲ್ಲಿ ಒಬ್ಬರಾದ ಪಾಲ್ ಗ್ರಹಾಂ 2015ರ ಪ್ರಬಂಧವೊಂದರಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ ಎತ್ತಿದ್ದರು: ಖರ್ಚು ಈಗಿನಷ್ಟೇ ಇದ್ದು, ಆದಾಯ ಈಗಿನ ವೇಗದಲ್ಲೇ ಬೆಳೆದರೆ, ಉಳಿದಿರುವ ಹಣದಲ್ಲಿ ಕಂಪನಿ ಲಾಭದ ದಡ ಮುಟ್ಟುತ್ತದೆಯೇ? ತಮ್ಮ ಕಂಪನಿಯ ಬಗ್ಗೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಸಂಸ್ಥಾಪಕರು ಬಹಳ ಎಂಬುದು ಅವರ ಅನುಭವ.

ಇನ್ನು ತೊಡಕಿನ ಭಾಗ. 'ವಸೂಲಿ ಸ್ವಲ್ಪ ತಡವಾಗಿದೆ' ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ನಮ್ಮ ಉದಾಹರಣೆಯ ಕಂಪನಿ ಹೀಗೆ ಬರೆಯಬಹುದು: 'ಬಾಕಿ ಇರುವ 7 ಲಕ್ಷದಲ್ಲಿ 5 ಲಕ್ಷ ಒಂದೇ ಆಸ್ಪತ್ರೆಯದು. ಅವರ ಔಷಧಿ ಅಂಗಡಿಯ ಸ್ಟಾಕಿಗೂ ನಮ್ಮ ಸಾಫ್ಟ್‌ವೇರ್ ತೋರಿಸುವ ಸಂಖ್ಯೆಗೂ ತಾಳೆಯಾಗುತ್ತಿಲ್ಲವೆಂದು ಪಾವತಿ ತಡೆದಿದ್ದಾರೆ. 25ರೊಳಗೆ ಸರಿಪಡಿಸುತ್ತೇವೆ.' ಈಗ ಸಮಸ್ಯೆ ವಸೂಲಿಯದಲ್ಲ, ಸಾಫ್ಟ್‌ವೇರಿನದು ಎಂದು ಗೊತ್ತಾಯಿತು. ಹಿಂದೆ ಇಂಥದ್ದನ್ನು ಎದುರಿಸಿದ ಹೂಡಿಕೆದಾರರೊಬ್ಬರು ಅಂದೇ ಫೋನ್ ಮಾಡಬಹುದು. ಮುಂದಿನ ತಿಂಗಳ ಮೇಲ್‌ನಲ್ಲಿ ಆ 25ನೇ ತಾರೀಖು ಏನಾಯಿತೆಂದು ಹೇಳುವ ಹೊಣೆಯೂ ಬಂತು. ಮೇಲ್ ಎಲ್ಲಿಗೆ ಬೇಕಾದರೂ ಫಾರ್ವರ್ಡ್ ಆಗಬಹುದಾದ್ದರಿಂದ ಆಸ್ಪತ್ರೆಯ ಹೆಸರು ಬರೆಯದಿರುವುದು ಒಳ್ಳೆಯದು.

ಕೋರಿಕೆಗೂ ಇದೇ ಮಾತು. 'ಹೊಸ ಗ್ರಾಹಕರಿದ್ದರೆ ಪರಿಚಯಿಸಿ' ಎಂದರೆ ಯಾರ ಹೆಸರೂ ಯಾರಿಗೂ ನೆನಪಾಗುವುದಿಲ್ಲ. 'ಹುಬ್ಬಳ್ಳಿ, ಮಂಗಳೂರುಗಳಲ್ಲಿ 100ರಿಂದ 200 ಹಾಸಿಗೆಯ ಖಾಸಗಿ ಆಸ್ಪತ್ರೆಗಳ ಖರೀದಿ ಮುಖ್ಯಸ್ಥರ ಪರಿಚಯ ಬೇಕು' ಎಂದರೆ ಓದುವವರು ತಮ್ಮ ಮೊಬೈಲಿನ ಹೆಸರುಗಳನ್ನು ಮನಸ್ಸಿನಲ್ಲೇ ಹುಡುಕತೊಡಗುತ್ತಾರೆ. ಅದರ ಕೆಳಗೇ ಕಂಪನಿಯನ್ನು ಪರಿಚಯಿಸುವ ನಾಲ್ಕು ಸಾಲು ಸಿದ್ಧವಿಟ್ಟರೆ, ಅವರು ಅದನ್ನೇ ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಬಿಡುತ್ತಾರೆ. ಇಂಥ ಕೋರಿಕೆ ಎರಡು ಸಾಕು. ಹತ್ತು ಕೇಳಿದರೆ ಒಂದೂ ಆಗುವುದಿಲ್ಲ.

ಹತ್ತಾರು ಕಂಪನಿಗಳ ಮೇಲ್ ಓದುವ ಹೂಡಿಕೆದಾರರ ಕಣ್ಣು ಎರಡು ಕಡೆ ಹೋಗುತ್ತದೆ. ಒಂದು, ಅಳತೆಗೋಲು ಬದಲಾಯಿತೇ? ಏಪ್ರಿಲ್‌ನಲ್ಲಿ ದುಡ್ಡು ಕೊಡುವ ಗ್ರಾಹಕರನ್ನು ಎಣಿಸಿದವರು ಜೂನ್‌ನಲ್ಲಿ ಉಚಿತವಾಗಿ ಬಳಸಿ ನೋಡುತ್ತಿರುವವರನ್ನೂ ಸೇರಿಸಿದ್ದರೆ, ಅಲ್ಲೇನೋ ಕುಸಿದಿದೆ. ಹಿಂದಿನ ಮೂರು ತಿಂಗಳ ಅಂಕಿಗಳನ್ನು ಪಕ್ಕದಲ್ಲೇ ಕೊಟ್ಟರೆ ಈ ಅನುಮಾನಕ್ಕೆ ಎಡೆಯಿರುವುದಿಲ್ಲ. ಇನ್ನೊಂದು, ಮೇಲ್ ಬಂತೇ? ತಪ್ಪದೆ ಬರುತ್ತಿದ್ದದ್ದು ಎರಡು ತಿಂಗಳು ನಿಂತರೆ ಒಳಗೆ ಏನೋ ಕೆಟ್ಟಿದೆ ಎಂದೇ ಅವರು ತಿಳಿಯುತ್ತಾರೆ. ಆಮೇಲೆ ಹಣ ಮುಗಿಯುವ ಹೊತ್ತಿಗೆ ಬರುವ 'ಅರ್ಜೆಂಟ್' ಮೇಲ್‌ಗೆ ಉತ್ತರ ಸಿಗುವುದು ಕಷ್ಟ.

ಈ ತಿಂಗಳ ಮೇಲ್ ಇನ್ನೂ ಕಳಿಸದ ಸಂಸ್ಥಾಪಕರು ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು, ಮೂರು ತಿಂಗಳಲ್ಲಿ ಖಾತೆಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೂಡಿಸಿ ನೋಡಲಿ. ಬಿಲ್ ಪುಸ್ತಕವನ್ನು ಆಮೇಲೆ ತೆಗೆಯಲಿ.