ಅಕ್ಕನ ಮಗಳು ಮತ್ತು ಜೋಡಿ ಗೆರೆ

ದಕ್ಷಿಣ ಕರ್ನಾಟಕದಲ್ಲಿ ಅಕ್ಕನ ಮಗಳನ್ನು ಮದುವೆಯಾಗುವುದು ಹಳೆಯ ರೂಢಿ. ಹಾಗಾಗಿ ಇಲ್ಲಿನ ವೈದ್ಯಕೀಯ ವಿದ್ಯಾರ್ಥಿಗೆ ಪೆಡಿಗ್ರಿ ಚಾರ್ಟ್ ಕಲಿಯಲು ಈ ಲೆಕ್ಕಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಒಬ್ಬ ಯುವಕನಿಗೆ ಅಕ್ಕನ ಮಗಳ ಜೊತೆ ಮದುವೆ ಗೊತ್ತಾಗಿದೆ ಎಂದುಕೊಳ್ಳಿ. ಅವನ ತಮ್ಮ ಎಂಟು ವರ್ಷದವನಿದ್ದಾಗ ಬೀಟಾ ಥಲಸ್ಸೀಮಿಯಾದಿಂದ ತೀರಿಕೊಂಡಿದ್ದ. ‘ನಮ್ಮ ಮಗುವಿಗೂ ಆ ಕಾಯಿಲೆ ಬರುತ್ತದಾ?’ ಎಂಬುದು ಅವರ ಪ್ರಶ್ನೆ.

ಮೊದಲು ಚಿತ್ರ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರದನ್ನು ಕಪ್ಪಾಗಿ ತುಂಬಬೇಕು, ತೀರಿಕೊಂಡಿದ್ದರೆ ಮೇಲೊಂದು ಓರೆಗೆರೆ. ಗಂಡ–ಹೆಂಡತಿಯ ನಡುವೆ ಅಡ್ಡಗೆರೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಅದೇ ಜೋಡಿ ಗೆರೆ. ಬರೆಯುವುದು ಸುಲಭ, ವಿಷಯ ಹೊರಡಿಸುವುದೇ ಕಷ್ಟ. ‘ಸಂಬಂಧದಲ್ಲಿ ಮದುವೆಯೇ?’ ಎಂದರೆ ಮುಜುಗರಕ್ಕೆ ‘ಇಲ್ಲ’ ಎನ್ನುವವರಿದ್ದಾರೆ. ‘ಮದುವೆಗೆ ಮುಂಚೆ ನಿಮ್ಮ ಅತ್ತೆಯನ್ನು ಏನೆಂದು ಕರೆಯುತ್ತಿದ್ದಿರಿ?’ ಎಂದು ಕೇಳಿ. ‘ಅಜ್ಜಿ’ ಎಂದರೆ ಜೋಡಿ ಗೆರೆ ಎಳೆಯಬಹುದು. ಸತ್ತ ಮಕ್ಕಳು, ನಿಂತುಹೋದ ಬಸಿರು ಇವನ್ನೂ ಬಿಡಿಸಿ ಬಿಡಿಸಿ ಕೇಳಬೇಕು. ಕೇಳದೆ ಯಾರೂ ಹೇಳುವುದಿಲ್ಲ.

ಈಗ ಓದೋಣ. ಅಪ್ಪ–ಅಮ್ಮ ಇಬ್ಬರೂ ಆರೋಗ್ಯವಾಗಿದ್ದು ಮಗುವಿಗೆ ಕಾಯಿಲೆ ಬಂದಿದೆ. ಅಂದರೆ ಕೆಟ್ಟ ಜೀನ್ ಹೆತ್ತವರಲ್ಲಿ ಅಡಗಿತ್ತು, ಇದು ರಿಸೆಸಿವ್ ಎಂಬ ಊಹೆ ಸರಿ. ಆದರೆ ಸತ್ತವನು ಹುಡುಗ. ತಾಯಿಯ ಎಕ್ಸ್ ಕ್ರೋಮೋಸೋಮಿನಿಂದ ಬರುವ ಕಾಯಿಲೆಯಾಗಿದ್ದರೂ ಚಾರ್ಟ್ ಹೀಗೇ ಕಾಣುತ್ತಿತ್ತು. ಇಲ್ಲಿ ಗೊಂದಲ ಬಿಡಿಸುವುದು ಚಿತ್ರವಲ್ಲ, ಕಾಯಿಲೆಯ ಹೆಸರು: ಬೀಟಾ ಗ್ಲೋಬಿನ್ ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ, ಅದಕ್ಕೆ ಗಂಡು–ಹೆಣ್ಣೆಂಬ ಭೇದವಿಲ್ಲ. ಆದ್ದರಿಂದ ಯುವಕನ ತಂದೆ–ತಾಯಿ ಇಬ್ಬರೂ ಖಂಡಿತ ವಾಹಕರು.

ಯುವಕ ವಾಹಕನಾಗಿರುವ ಸಾಧ್ಯತೆ ಎಷ್ಟು? ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಜನ 1/2 ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ಇಬ್ಬರು ವಾಹಕರ ಮಕ್ಕಳಲ್ಲಿ ನಾಲ್ಕು ಬಗೆ: ಒಂದು ಕಾಯಿಲೆಯದು, ಎರಡು ವಾಹಕದ್ದು, ಒಂದು ಪೂರ್ತಿ ಒಳ್ಳೆಯದು. ಈತ ಆರೋಗ್ಯವಾಗಿದ್ದಾನೆ ಎಂಬುದು ನಮಗೆ ಆಗಲೇ ಗೊತ್ತಿರುವುದರಿಂದ ಕಾಯಿಲೆಯ ಬಗೆಯನ್ನು ಎಣಿಕೆಯಿಂದಲೇ ತೆಗೆಯಬೇಕು. ಉಳಿದ ಮೂರರಲ್ಲಿ ಎರಡು ವಾಹಕ, ಉತ್ತರ 2/3.

ಅವನ ಅಕ್ಕನಿಗೂ ಅದೇ 2/3. ಅವಳಿಂದ ಮಗಳಿಗೆ ಆ ಜೀನ್ ದಾಟುವುದು ಅರ್ಧ ಸಲ. ಭಾವ ಹೊರಗಿನವರು, ವಾಹಕರಲ್ಲ ಎಂದಿಟ್ಟುಕೊಂಡರೆ ಹುಡುಗಿಗೆ 1/3. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ಕಾಯಿಲೆ ಬರುವುದು ನಾಲ್ಕರಲ್ಲಿ ಒಂದು ಸಲ. ಮೂರನ್ನೂ ಗುಣಿಸಿ: 2/3 × 1/3 × 1/4 = 1/18. ಇದೇ ಯುವಕ 30ರಲ್ಲಿ ಒಬ್ಬರು ವಾಹಕರಿರುವ ಸಮುದಾಯದ ಹೊರಗಿನ ಹುಡುಗಿಯನ್ನು ಮದುವೆಯಾದರೆ 2/3 × 1/30 × 1/4, ಅಂದರೆ 1/180. ಜೋಡಿ ಗೆರೆ ಅಪಾಯವನ್ನು ಹತ್ತು ಪಟ್ಟು ಏರಿಸಿದೆ. ಆದರೂ 18ರಲ್ಲಿ 17 ಸಲ ಮಗುವಿಗೆ ಈ ಕಾಯಿಲೆ ಇರುವುದಿಲ್ಲ. ಅದನ್ನೂ ಆ ಮನೆಯವರಿಗೆ ಹೇಳಬೇಕು.

ಭಿನ್ನರಾಶಿಗಿಂತ ರಕ್ತಪರೀಕ್ಷೆ ಮೇಲು. ಬೀಟಾ ವಾಹಕರಲ್ಲಿ ಹಿಮೋಗ್ಲೋಬಿನ್ ಎ2 ಸಾಮಾನ್ಯವಾಗಿ ಶೇ 3.5ಕ್ಕಿಂತ ಹೆಚ್ಚಿರುತ್ತದೆ. ಹುಡುಗಿ ವಾಹಕಳಲ್ಲ ಎಂದು ಖಚಿತವಾದರೆ 1/18 ಹೆಚ್ಚುಕಡಿಮೆ ಸೊನ್ನೆಗಿಳಿಯುತ್ತದೆ. ಒಂದು ಎಚ್ಚರ: ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ತಗ್ಗಿ, ವಾಹಕರೂ ಸರಿಯಿದ್ದಂತೆ ಕಾಣಬಹುದು. ಅಂಥವರಿಗೆ ಕಬ್ಬಿಣದ ಮಾತ್ರೆ ಕೊಟ್ಟು ಮತ್ತೆ ಪರೀಕ್ಷಿಸುವುದು ವಾಸಿ.

ಇನ್ನೊಂದು ಲೆಕ್ಕ ನೀವೇ ಮಾಡಿ. ಒಬ್ಬ ಮಹಿಳೆಯ ಅಣ್ಣನಿಗೂ ಸೋದರಮಾವನಿಗೂ ಹಿಮೋಫಿಲಿಯಾ. ಇದು ಎಕ್ಸ್ ಕ್ರೋಮೋಸೋಮಿನದು. ಆಕೆಗೆ ಈಗಾಗಲೇ ಆರೋಗ್ಯವಂತ ಗಂಡುಮಕ್ಕಳಿಬ್ಬರಿದ್ದಾರೆ. ಮುಂದಿನದು ಗಂಡಾದರೆ ಅಪಾಯವೆಷ್ಟು?

ಅಣ್ಣ, ಮಾವ ಇಬ್ಬರಿಗೂ ಇರುವುದರಿಂದ ಆಕೆಯ ತಾಯಿ ಖಂಡಿತ ವಾಹಕಿ. ಆಕೆ ವಾಹಕಿಯಾಗಿರುವ ಸಾಧ್ಯತೆ ಮೊದಲಿಗೆ 1/2. ವಾಹಕಿಯಾಗಿದ್ದೂ ಇಬ್ಬರೂ ಗಂಡುಮಕ್ಕಳು ಪಾರಾಗುವುದು 1/2 × 1/4 = 1/8. ವಾಹಕಿಯೇ ಅಲ್ಲದಿದ್ದರೆ ಅವರು ಚೆನ್ನಾಗಿರಲೇಬೇಕು, ಅದರ ಪಾಲು 1/2, ಅಂದರೆ 4/8. ಒಟ್ಟು ಐದು ಪಾಲಿನಲ್ಲಿ ಒಂದು ಮಾತ್ರ ವಾಹಕಿಯ ಕಡೆಗೆ: 1/5. ಅದರರ್ಧ, 1/10, ಮುಂದಿನ ಮಗನಿಗೆ.