ಗೋಲು ಹೊಡೆದವನದಲ್ಲ ತಪ್ಪು

2022ರ ವಿಶ್ವಕಪ್‌ನ ಮೊದಲ ಪಂದ್ಯ. ಮೂರನೇ ನಿಮಿಷದಲ್ಲೇ ಈಕ್ವೆಡಾರ್‌ನ ವಲೆನ್ಸಿಯಾ ಕತಾರ್ ವಿರುದ್ಧ ಗೋಲು ಹೊಡೆದ, ಕುಣಿದ. ಆಮೇಲೆ ವಿಡಿಯೊ ನೋಡಿ ಗೋಲು ರದ್ದು ಮಾಡಿದರು. ಆಫ್‌ಸೈಡ್!

ತಪ್ಪಿದ್ದದ್ದು ವಲೆನ್ಸಿಯಾನದಲ್ಲ, ಅದಕ್ಕೆ ಮುಂಚೆ ಚೆಂಡು ಮುಟ್ಟಿದ ಎಸ್ಟ್ರಾಡಾನದು. ಎದುರಾಳಿಯ ಅರ್ಧದಲ್ಲಿ, ಜೊತೆಗಾರ ಚೆಂಡು ಮುಟ್ಟಿದ ಕ್ಷಣದಲ್ಲಿ, ನೀವು ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿರಬಾರದು. ಕೈ ಲೆಕ್ಕಕ್ಕಿಲ್ಲ, ಕಾಲು, ತಲೆ, ಮೈ ಲೆಕ್ಕಕ್ಕುಂಟು. ಸುಮ್ಮನೆ ನಿಂತರೆ ತಪ್ಪಲ್ಲ, ಆಟದಲ್ಲಿ ಕೈ ಹಾಕಿದರೆ ಮಾತ್ರ.

ಸಾಮಾನ್ಯವಾಗಿ ಕೊನೆಯವನು ಗೋಲ್‌ಕೀಪರ್. ಹಾಗಾಗಿ ಒಬ್ಬ ಡಿಫೆಂಡರ್ ಹಿಂದಿದ್ದರೆ ಸಾಕು ಅನ್ನಿಸುತ್ತದೆ. ಅಂದು ಕೀಪರ್ ಚೆಂಡಿಗಾಗಿ ಮುಂದೆ ನುಗ್ಗಿದ್ದ. ಎಸ್ಟ್ರಾಡಾನಿಗೂ ಗೋಲಿಗೂ ನಡುವೆ ಉಳಿದದ್ದು ಒಬ್ಬನೇ ಕತಾರಿ. ಮುಂದಕ್ಕೆ ಚಾಚಿದ್ದ ಕಾಲು ಸಿಕ್ಕಿಬಿತ್ತು.